ಏಳು ನಿಮಿಷ ಮುಂದಿದ್ದ ಪಟ್ಟಾಭಿರಾಮ

ವಡೋದರಾದ ಮಾಂಜಲಪುರದಲ್ಲಿ ನಮ್ಮ ಎದುರು ಫ್ಲ್ಯಾಟಿನಲ್ಲಿದ್ದ ಪಟ್ಟಾಭಿರಾಮರ ಮನೆಗೆ ಹೋದವರೆಲ್ಲ ಒಮ್ಮೆ ಗಾಬರಿಯಾಗಿ ಎದ್ದು ನಿಲ್ಲುತ್ತಿದ್ದರು. ಅವರ ನಡುಮನೆಯ ಗೋಡೆ ಗಡಿಯಾರ ಏಳು ನಿಮಿಷ ಮುಂದಿತ್ತು. ಅಡುಗೆಮನೆಯ ಟೈಂಪೀಸೂ ಮುಂದೆ, ಅವರ ಕೈಗಡಿಯಾರವೂ ಮುಂದೆ. ನನ್ನ ಗಂಡ ರಾಮಕೃಷ್ಣ ರೈಲ್ವೆಯಲ್ಲಿ ಕಂಟ್ರೋಲರು. ಅರ್ಧ ನಿಮಿಷ ಆಚೀಚೆಯಾದರೂ ನಮ್ಮ ಮನೆ ಗಡಿಯಾರದ ಕಿವಿ ಹಿಂಡುವ ಮನುಷ್ಯ. ಆ ಮನೆಯಲ್ಲಿ ಕಾಫಿ ಕುಡಿಯುವಾಗ ಅವರು ಗೋಡೆಯ ಕಡೆಗೆ ಬೆನ್ನು ಹಾಕಿ ಕೂರುತ್ತಿದ್ದರು.

ಇದಕ್ಕೆ ಒಂದು ಕಾರಣವಿತ್ತು. ಅದನ್ನು ನನಗೆ ಹೇಳಿದ್ದು ಪಟ್ಟಾಭಿಯವರ ಹೆಂಡತಿ ತಾರಾ. ತಿಪಟೂರಿನ ಹುಡುಗ ಪಟ್ಟಾಭಿ ಮೈಸೂರಿಗೆ ಪರೀಕ್ಷೆ ಬರೆಯಲು ಹೋಗಿ, ಬಸ್ಸು ತಡವಾಗಿ, ಕಾಲೇಜಿನ ಗೇಟು ಮುಚ್ಚಿದ ಮೇಲೆ ತಲುಪಿದ್ದ. ಒಳಗೆ ಗೆಳೆಯರು ಬರೆಯುತ್ತಿದ್ದರೆ ಇವನು ಹೊರಗೆ ಕಬ್ಬಿಣದ ಸರಳು ಹಿಡಿದು ನಿಂತಿದ್ದನಂತೆ. ಒಂದು ವರ್ಷ ಕೈಬಿಟ್ಟು ಹೋಯಿತು. ಅಂದಿನಿಂದ ಗಡಿಯಾರ ಮುಂದೆ ಓಡತೊಡಗಿತು. ಗಡಿಯಾರ ಮುಂದಿಡುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಆದರೆ ಅಲ್ಲೆಲ್ಲ ಜನ ಮನಸ್ಸಿನಲ್ಲೇ ಕಳೆದುಕೊಂಡು ಆರಾಮಾಗಿರುತ್ತಾರೆ. ತಾರಾ ಹಾಗೇ ಕಳೆಯುತ್ತಿದ್ದಳು. ಪಟ್ಟಾಭಿ ಮಾತ್ರ ಕಳೆಯುತ್ತಿರಲಿಲ್ಲ. ತಾನೇ ಮುಂದಿಟ್ಟದ್ದನ್ನು ತಾನೇ ಮರೆತು, ಆ ಸಮಯವನ್ನೇ ನಿಜವೆಂದು ನಂಬಿ ಬದುಕುತ್ತಿದ್ದರು. ಅದಕ್ಕೇ ಅವರು ಎಲ್ಲಿಗೂ ತಡವಾಗಿ ಹೋದವರಲ್ಲ.

ಅವರು ಕೆಲಸ ಮಾಡುತ್ತಿದ್ದುದು ಬಟ್ಟೆಗೆ ಹಾಕುವ ಬಣ್ಣ ತಯಾರಿಸುವ ಒಂದು ಕಂಪನಿಯಲ್ಲಿ. ದೊಡ್ಡ ಆಫೀಸು ಅಹಮದಾಬಾದಿನಲ್ಲಿ, ಒಂದು ಕಾರ್ಖಾನೆ ವಟ್ವಾದಲ್ಲಿ, ಇನ್ನೊಂದು ಸೂರತ್ತಿನ ಹೊರಗೆ. ಕಂಪ್ಯೂಟರ್ ವಿಭಾಗ ವಡೋದರಾದಲ್ಲಿ, ಅದಕ್ಕೆ ಪಟ್ಟಾಭಿಯವರೇ ಮುಖ್ಯಸ್ಥರು. ಯಾವ ಬಣ್ಣಕ್ಕೆ ಯಾವುದನ್ನು ಎಷ್ಟು ಬೆರೆಸಬೇಕು, ಎಷ್ಟು ಬಿಸಿ ಮಾಡಬೇಕು ಎನ್ನುವ ಸೂತ್ರಗಳೆಲ್ಲ ಅವರ ಕಂಪ್ಯೂಟರಿನಲ್ಲಿದ್ದವು. ಕಾರ್ಖಾನೆಯವರು ಟೆಲಿಫೋನ್ ಲೈನಿನಲ್ಲಿ ಮೋಡೆಂ ಮೂಲಕ ಆ ಕಂಪ್ಯೂಟರಿಗೆ ಸೇರಿಕೊಂಡು, ಪಾಸ್‌ವರ್ಡ್ ಕೊಟ್ಟು, ಬೇಕಾದ ಸೂತ್ರ ತೆಗೆದುಕೊಳ್ಳುತ್ತಿದ್ದರು. ತೊಂಬತ್ತಾರರಲ್ಲಿ ಯಾರದೋ ಪಾಸ್‌ವರ್ಡ್ ಇನ್ಯಾರದೋ ಕೈಗೆ ಸಿಕ್ಕಿತು. ಇವರ ಒಳ್ಳೆಯ ನೀಲಿ ಬಣ್ಣವೊಂದು ಎದುರಾಳಿ ಕಂಪನಿಯ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಕದ್ದವರು ಯಾರೆಂದು ಕೊನೆಗೂ ಗೊತ್ತಾಗಲಿಲ್ಲ. ಆಮೇಲೆ ಪಟ್ಟಾಭಿ ಹಟ ಹಿಡಿದು ಕಾರ್ಡುಗಳನ್ನು ತರಿಸಿದರು.

ಆ ಕಾರ್ಡನ್ನು ಅವರು ಒಂದು ಸಂಜೆ ನಮಗೂ ತೋರಿಸಿದ್ದರು. ಬೂದು ಬಣ್ಣ, ಅಂಗೈಯೊಳಗೆ ಹಿಡಿಯುವಷ್ಟು ಗಾತ್ರ, ಸಣ್ಣ ಕಿಟಕಿಯಲ್ಲಿ ಆರು ಅಂಕಿ. ನೋಡುತ್ತಿದ್ದ ಹಾಗೆ ಅಂಕಿಗಳು ಬದಲಾದವು. ನಿಮಿಷಕ್ಕೊಂದು ಹೊಸ ಸಂಖ್ಯೆಯಂತೆ. ಗುಂಡಿಯಿಲ್ಲ, ತಂತಿಯಿಲ್ಲ.

“ಇದಕ್ಕೆ ನಂಬರ್ ಎಲ್ಲಿಂದ ಬರತ್ತೆ? ಆಕಾಶದಿಂದಲಾ?” ಎಂದೆ. ನಮ್ಮ ಊರಿನಲ್ಲಿ ಆಗ ಯಾವುದು ಅರ್ಥವಾಗದಿದ್ದರೂ ಉಪಗ್ರಹದ ಮೇಲೆ ಹಾಕುವುದು ರೂಢಿ. ಇಸ್ರೋದವರು ಪಕ್ಕದ ಅಹಮದಾಬಾದಿನಲ್ಲೇ ಇದ್ದರಲ್ಲ.

“ಎಲ್ಲಿಂದಲೂ ಬರೋದಿಲ್ಲ ಇಂದಿರಮ್ಮ. ಅದು ಇಲ್ಲೇ ಲೆಕ್ಕ ಹಾಕ್ಕೊಳ್ಳತ್ತೆ” ಎಂದರು ಪಟ್ಟಾಭಿ. “ಇದರ ಹೊಟ್ಟೆಯಲ್ಲಿ ಎರಡೇ ವಸ್ತು. ಒಂದು ಗುಟ್ಟಿನ ಸಂಖ್ಯೆ, ಇನ್ನೊಂದು ಗಡಿಯಾರ. ಗುಟ್ಟನ್ನೂ ಈಗಿನ ನಿಮಿಷವನ್ನೂ ಸೇರಿಸಿ ಅರೆದು ಆರು ಅಂಕಿ ತೆಗೆಯತ್ತೆ. ಅದೇ ಗುಟ್ಟು ನನ್ನ ಕಂಪ್ಯೂಟರಲ್ಲೂ ಇದೆ. ಕಾರ್ಡು ಮಾಡಿದವರೇ ಫ್ಲಾಪೀಲಿ ಹಾಕಿ ಕಳಿಸಿದಾರೆ. ಅಲ್ಲೂ ಗಡಿಯಾರ ಇದೆ. ಅದೂ ಅದೇ ಲೆಕ್ಕ ಹಾಕತ್ತೆ, ಅದೇ ಆರು ಅಂಕಿ ಬರತ್ತೆ. ಎರಡೂ ತಾಳೆ ಆದ್ರೆ ಬಾಗಿಲು ತೆಗಿಯತ್ತೆ.”

“ಎರಡಕ್ಕೂ ಮಾತುಕತೆಯೇ ಇಲ್ಲವಾ?”

“ಇಲ್ಲ. ಬೇಕೇ ಇಲ್ಲ.”

ನನ್ನ ಗಂಡನಿಗೆ ತಕ್ಷಣ ಹೊಳೆಯಿತು. “ಟೈಮ್‌ಟೇಬಲ್ ಇದ್ದ ಹಾಗೆ. ಆನಂದ್ ಸ್ಟೇಷನ್ ಮಾಸ್ತರ ಹತ್ರ ಒಂದು ಪ್ರತಿ, ನನ್ನ ಹತ್ರ ಒಂದು ಪ್ರತಿ. ಗಡಿಯಾರ ಇಬ್ಬರದೂ ಸರಿ ಇದ್ರೆ, ಫೋನೇ ಮಾಡದೆ ಈ ನಿಮಿಷಕ್ಕೆ ಯಾವ ಗಾಡಿ ಅಂತ ಇಬ್ಬರೂ ಒಂದೇ ಹೆಸರು ಹೇಳ್ತೀವಿ” ಎಂದರು.

“ಅದೇ ರಾಯರೇ. ಆದರೆ ನಿಮ್ಮ ಟೈಮ್‌ಟೇಬಲ್ಲು ಪ್ಲಾಟ್‌ಫಾರಂ ಮೇಲೆ ಯಾರು ಬೇಕಾದರೂ ಕೊಂಡ್ಕೋಬಹುದು. ಇದು ಜಗತ್ತಲ್ಲಿ ಎರಡೇ ಕಡೆ ಇರೋದು.”

ಆಮೇಲೆ ಅವರು ಹೇಳಿದ ಮಾತುಗಳು ನನಗೆ ಇವತ್ತಿಗೂ ನೆನಪಿವೆ. ಯಾಕೆಂದರೆ ಅವೇ ಮುಂದೆ ಒಬ್ಬ ಹುಡುಗನ ಕುತ್ತಿಗೆಗೆ ಬಂದವು. ಯಾರಾದರೂ ಕದ್ದು ನೋಡಿ ಸಂಖ್ಯೆ ಬರೆದುಕೊಂಡರೂ ಒಂದೆರಡು ನಿಮಿಷದಲ್ಲಿ ಅದು ಹಳಸುತ್ತದೆ. ಒಮ್ಮೆ ಒಪ್ಪಿಕೊಂಡ ಸಂಖ್ಯೆಯನ್ನು ಕಂಪ್ಯೂಟರು ಮತ್ತೊಮ್ಮೆ ಒಪ್ಪುವುದಿಲ್ಲ. ಕಾರ್ಡು ಬಿದ್ದುಹೋಗಿ ಯಾರಿಗೋ ಸಿಕ್ಕಿದರೂ, ಅದರ ಜೊತೆ ಅವರವರ ತಲೆಯಲ್ಲಿ ಮಾತ್ರ ಇರುವ ನಾಲ್ಕಂಕಿಯ ಪಿನ್ ಬೇಕು. ಕಾರ್ಡಿನ ಗಡಿಯಾರವೂ ಗಡಿಯಾರವೇ ಆದ್ದರಿಂದ ತಿಂಗಳುಗಟ್ಟಲೆಯಲ್ಲಿ ಕೆಲವು ಸೆಕೆಂಡು ಹಿಂದೆ ಮುಂದೆ ಆಗುತ್ತದೆ. ಅದಕ್ಕೆ ಕಂಪ್ಯೂಟರು ಈಗಿನ ನಿಮಿಷದ ಸಂಖ್ಯೆಯ ಜೊತೆಗೆ ಅದರ ಹಿಂದಿನದನ್ನೂ ಮುಂದಿನದನ್ನೂ ಒಪ್ಪುತ್ತದೆ, ಯಾವ ಕಾರ್ಡು ಎಷ್ಟು ಜಾರಿದೆ ಎಂದು ಪ್ರತಿ ಸಲವೂ ಗುರುತಿಟ್ಟುಕೊಳ್ಳುತ್ತದೆ. ಅದಕ್ಕಿಂತ ಹಳೆಯದಾದರೆ ಇಲ್ಲ. ಆದರೆ ಎಷ್ಟು ನಿಮಿಷ ಹಳೆಯದು ಎಂದು ಹುಡುಕಿ ಬರೆದಿಡುತ್ತದೆ. ಮೂರು ಸಲ ತಪ್ಪಿದರೆ ಆ ಕಾರ್ಡಿಗೆ ಬೀಗ.

“ಮನುಷ್ಯ ಸುಳ್ಳು ಹೇಳಬಹುದು, ಇದು ಹೇಳೋದಿಲ್ಲ” ಎಂದು ಪಟ್ಟಾಭಿ ಕಾರ್ಡನ್ನು ಜೇಬಿಗೆ ಹಾಕಿಕೊಂಡರು. ಆ ಮಾತು ನನಗೆ ಆಗಲೇ ಹಿಡಿಸಲಿಲ್ಲ. ನನ್ನ ಮೂಗಿನ ತುದಿಯಲ್ಲೇ ಕೋಪ ಇರುವುದು. ಆದರೆ ಎದುರು ಮನೆಯವರ ಕಾಫಿ ಕುಡಿದು ಜಗಳ ಆಡುವುದು ಹೇಗೆಂದು ಸುಮ್ಮನಿದ್ದೆ.

ಗಿರಿಧರ ಬಂದದ್ದು ಆ ವರ್ಷವೇ. ದಾವಣಗೆರೆಯ ಹುಡುಗ, ಬಣ್ಣದ ರಸಾಯನಶಾಸ್ತ್ರ ಓದಿದವನು. ಸೂರತ್ತಿನ ಕಾರ್ಖಾನೆಗೆ ಸೇರಿದ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ತಿಂಗಳಿಗೊಮ್ಮೆ ಕಂಪನಿಯ ಕೆಲಸಕ್ಕೆ ವಡೋದರಾಕ್ಕೆ ಬಂದಾಗ ಪಟ್ಟಾಭಿಯವರ ಮನೆಯಲ್ಲೋ ನಮ್ಮ ಮನೆಯಲ್ಲೋ ಊಟ. ಗುಜರಾತಿ ದಾಲಿನ ಬೆಲ್ಲಕ್ಕೆ ಬೇಸತ್ತ ನಾಲಿಗೆ, ನಾನು ಖಾರದ ಸಾರು ಬಡಿಸಿದರೆ “ಇಂದಿರಕ್ಕಾ, ಇನ್ನೊಂಚೂರು ಹಾಕ್ರೀ” ಎಂದು ತಟ್ಟೆ ಮುಂದೆ ಮಾಡುತ್ತಿದ್ದ. ಅವನ ತಂದೆ ಇರಲಿಲ್ಲ, ತಂಗಿ ಓದುತ್ತಿದ್ದಳು. ಕೆಲಸ ಕಾಯಂ ಆದ ಮೇಲೆ ತಾಯಿಯನ್ನೂ ತಂಗಿಯನ್ನೂ ಸೂರತ್ತಿಗೇ ಕರೆಸಿಕೊಳ್ಳಬೇಕೆಂದು ಮನೆಯನ್ನೂ ನೋಡಿಟ್ಟಿದ್ದ.

ತೊಂಬತ್ತೆಂಟರ ಉತ್ತರಾಯಣದ ದಿನ. ನಮ್ಮಲ್ಲಿ ಎಳ್ಳು ಬೀರಿ ಮುಗಿಯುವ ಹಬ್ಬ ಗುಜರಾತಿನಲ್ಲಿ ಮಾಳಿಗೆಯ ಮೇಲೆ ಇಡೀ ದಿನ ನಡೆಯುತ್ತದೆ. ಊರಿಗೆ ಊರೇ ಗಾಳಿಪಟ ಹಿಡಿದು ಮೇಲೆ ಹತ್ತಿತ್ತು. ಎರಡು ದಿನ ಆಫೀಸಿಗೆ ರಜೆ. ಮಧ್ಯಾಹ್ನ ಯಾರದೋ ಪಟದ ದಾರ ತಂತಿಗೆ ಸಿಕ್ಕಿ ಆಚೆ ಬೀದಿಯಲ್ಲಿ ಕರೆಂಟು ಹೋಯಿತು. ಅದು ಹೊಸದೇನಲ್ಲ, ಎಲ್ಲರೂ ಹೋ ಎಂದು ಕೂಗಿ ಮತ್ತೆ ಪಟ ಹಾರಿಸಿದರು. ಪಟ್ಟಾಭಿಯವರಿಗೆ ಮಾತ್ರ ಆಫೀಸಿನ ಕಾವಲುಗಾರನಿಂದ ಫೋನ್ ಬಂತು: ಅಲ್ಲಿಯೂ ಕರೆಂಟು ಹೋಗಿ, ಕಂಪ್ಯೂಟರು ನಿಂತುಹೋಗಿದೆ. ಸ್ಕೂಟರ್ ಹತ್ತಿ ಹೋದರು, ಕರೆಂಟು ಬಂದ ಮೇಲೆ ಎಲ್ಲ ಚಾಲೂ ಮಾಡಿದರು, ಸಂಜೆಯೊಳಗೆ ಬಂದು ಹಬ್ಬದ ವಿಶೇಷ ಪಲ್ಯ ಉಂಧಿಯು ತಿಂದರು. ಅಷ್ಟೇ ನಮಗೆ ಗೊತ್ತಿದ್ದದ್ದು.

ಅದೇ ಮಧ್ಯಾಹ್ನ ಸೂರತ್ತಿನಲ್ಲಿ ಗಿರಿಧರ ಒಬ್ಬನೇ ಡ್ಯೂಟಿಯಲ್ಲಿದ್ದ. ರಫ್ತಿಗೆ ಹೋಗಬೇಕಾಗಿದ್ದ ಬಣ್ಣಕ್ಕೆ ಸೂತ್ರ ಬೇಕಿತ್ತು. ಮೋಡೆಂ ಹಚ್ಚಿ, ಕಾರ್ಡು ನೋಡಿ ಸಂಖ್ಯೆ ಒತ್ತಿದ. ಒಪ್ಪಲಿಲ್ಲ. ಹೊಸ ಸಂಖ್ಯೆಗೆ ಕಾದು ಒತ್ತಿದ. ಇಲ್ಲ. ಮೂರನೆಯದಕ್ಕೆ ಬೀಗ ಬಿತ್ತು. ಬೀಗ ತೆಗೆಯಲು ಬರವಣಿಗೆಯಲ್ಲಿ ಕೇಳಬೇಕೆಂದು ಪಟ್ಟಾಭಿಯವರೇ ಮಾಡಿದ ನಿಯಮ. ಹುಡುಗ ರಜೆ ಮುಗಿಯುವವರೆಗೆ ಕಾದು ಫ್ಯಾಕ್ಸ್ ಕಳಿಸಿದ. ಬೀಗ ತೆಗೆದರು. ಕಾರ್ಡು ಮೊದಲ ಸಲಕ್ಕೇ ಕೆಲಸ ಮಾಡಿತು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಪಟ್ಟಾಭಿ ದಾಖಲೆ ತೆಗೆದು ನೋಡಿದರು. ಹಬ್ಬದ ದಿನ ಗಿರಿಧರನ ಪಿನ್ ಸರಿಯಾಗಿ ಬಂದಿದೆ. ಸಂಖ್ಯೆ ಮಾತ್ರ ಹಳೆಯದು. ಮೂರು ಸಲವೂ ಏಳು ನಿಮಿಷ ಹಳೆಯದು.

ಅವರು ಕ್ರಮವಾಗಿ ಯೋಚಿಸಿದರು, ಅದೇ ಅವರ ರೀತಿ. ಕಾರ್ಡಿನ ಗಡಿಯಾರ ಕೆಟ್ಟಿತ್ತೇ? ಹಬ್ಬದ ಹಿಂದಿನ ದಿನ ಕಾರ್ಡು ಸರಿಯಾಗಿತ್ತು, ರಜೆ ಮುಗಿದ ಮೇಲೂ ಸರಿಯಾಗಿದೆ. ಒಂದು ದಿನ ಏಳು ನಿಮಿಷ ಹಿಂದೆ ಬಿದ್ದು ಮತ್ತೆ ತಾನೇ ಸರಿಹೋಗುವ ಗಡಿಯಾರ ಇಲ್ಲ. ಹಾಗಾದರೆ ಕಾರ್ಡು ತೋರಿಸಿದ ಸಂಖ್ಯೆ ಯಾರ ಕೈಯಿಂದಲೋ ಯಾರ ಕೈಗೋ ದಾಟಿದೆ. ಒಬ್ಬ ಓದಿ ಹೇಳಿದ್ದಾನೆ, ಇನ್ನೊಬ್ಬ ಬೇರೆಲ್ಲೋ ಕೂತು ಒತ್ತಿದ್ದಾನೆ, ನಡುವೆ ಏಳು ನಿಮಿಷ ಹೋಗಿದೆ. ಪಿನ್ನೂ ಸರಿಯಿದೆ ಎಂದರೆ ಕಾರ್ಡು ಕಳವಾದದ್ದಲ್ಲ, ಹುಡುಗನೇ ಹೇಳಿಕೊಟ್ಟಿದ್ದಾನೆ. ಯಾರೂ ಇಲ್ಲದ ರಜೆಯ ದಿನ, ಮೇಲಾಗಿ.

ಶನಿವಾರ ಇಷ್ಟನ್ನೂ ಬರೆದು ಅಹಮದಾಬಾದಿಗೆ ಕಳಿಸಿದರು. ಸೋಮವಾರ ಬೆಳಿಗ್ಗೆ ಗಿರಿಧರ ಅಲ್ಲಿ ಜನರಲ್ ಮ್ಯಾನೇಜರ್ ಜಯಂತಿಭಾಯ್ ಅವರ ಮುಂದೆ ಹಾಜರಾಗಬೇಕೆಂದು ಅಪ್ಪಣೆಯಾಯಿತು. ಕೆಲಸ ಹೋಗುವುದು ಖಂಡಿತ. ಬಣ್ಣದ ಕಂಪನಿಗಳೆಲ್ಲ ಒಂದರ ಸುದ್ದಿ ಒಂದಕ್ಕೆ ತಿಳಿದಿರುವಂಥವು, ಕಳ್ಳನೆಂಬ ಹೆಸರು ಬಂದ ಮೇಲೆ ವಾಪಿಯಿಂದ ವಟ್ವಾವರೆಗೆ ಯಾರೂ ಅವನನ್ನು ಬಾಗಿಲೊಳಗೆ ಬಿಡುವುದಿಲ್ಲ.

ತಾರಾ ಬಂದು ಹೇಳಿದಾಗ ನನಗೆ ಮೈ ಉರಿದುಹೋಯಿತು. ನೇರವಾಗಿ ಎದುರು ಮನೆಗೆ ಹೋದೆ.

“ಅವನು ಅಂಥವನಲ್ಲ ಕಣ್ರೀ. ನಮ್ಮ ಮನೇಲಿ ಉಂಡು ಹೋಗೋ ಹುಡುಗ” ಎಂದೆ.

“ಊಟ ಮಾಡೋದಕ್ಕೂ ಇದಕ್ಕೂ ಸಂಬಂಧ ಇಲ್ಲ ಇಂದಿರಮ್ಮ. ನನಗೇನು ಖುಷಿಯಾ? ಲೆಕ್ಕ ಹಾಗೆ ಹೇಳ್ತಿದೆ.”

“ಅವನನ್ನ ಒಂದು ಮಾತು ಕೇಳಿದ್ರಾ?”

“ಕೇಳಿದೆ. ಸಂಖ್ಯೆ ಒತ್ತಿದ್ದು ಯಾರು ಅಂತ ಕೇಳಿದೆ. ತಾನೇ ಅಂದ. ಕದ್ದವನೂ ಹಾಗೇ ಹೇಳೋದು.”

ಅವರ ಮುಖ ಬಾಡಿತ್ತು, ಅದನ್ನೂ ಹೇಳಬೇಕು. ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲವೆಂದು ತಾರಾ ಹೇಳಿದಳು. ನನಗೆ ಕನಿಕರ ಬರಲಿಲ್ಲ. ಬಾಗಿಲು ಸ್ವಲ್ಪ ಜೋರಾಗಿಯೇ ಎಳೆದುಕೊಂಡು ಬಂದೆ.

ಭಾನುವಾರ ಸಂಜೆ ಅವರ ಮಗಳು ಅಮೂಲ್ಯಾ ನಮ್ಮ ಮನೆಗೆ ಓಡಿಬಂದಳು. ಆರನೆಯ ಕ್ಲಾಸಿನ ಹುಡುಗಿ, ಹುಟ್ಟಿ ಬೆಳೆದದ್ದೆಲ್ಲ ಗುಜರಾತಿನಲ್ಲಿ. ಅವಳ ಕನ್ನಡ ಕೇಳಿದರೆ ನಗು ಬರುತ್ತಿತ್ತು. ಕಾರ್ಡಿನ ಗುಟ್ಟು ತಿಳಿಯಬೇಕೆಂದು ಹಟ ಮಾಡಿದ್ದಳೆಂದು ಪಟ್ಟಾಭಿ ಅವಳಿಗೊಂದು ಆಟ ಕಲಿಸಿದ್ದರು. ಅಪ್ಪ ಮಗಳ ನಡುವೆ ಒಂದು ಗುಟ್ಟಿನ ಸಂಖ್ಯೆ, ನಾನೂರ ಎಂಬತ್ತಮೂರು. ಗಡಿಯಾರದ ಗಂಟೆ ನಿಮಿಷವನ್ನು ಒಂದೇ ಸಂಖ್ಯೆಯಂತೆ ಬರೆದು ಗುಟ್ಟಿನಿಂದ ಗುಣಿಸುವುದು, ಕೊನೆಯ ಮೂರು ಅಂಕಿ ಹೇಳುವುದು. ಅಪ್ಪನೂ ಗುಣಿಸಿ ತಾಳೆ ನೋಡುವುದು. ಕ್ಯಾಲ್ಕುಲೇಟರು ಇಬ್ಬರ ಕೈಯಲ್ಲೂ. ಈ ಆಟದಲ್ಲಿ ಜಾಣ ಮಕ್ಕಳು ನಾಲ್ಕು ಉತ್ತರ ಕೇಳಿಸಿಕೊಂಡು ಗುಟ್ಟನ್ನು ಕಂಡುಹಿಡಿಯಬಹುದಂತೆ. ಕಾರ್ಡಿನೊಳಗಿನ ಲೆಕ್ಕ ಅಂಥದ್ದಲ್ಲ, ಎಷ್ಟು ಸಂಖ್ಯೆ ಕೂಡಿಟ್ಟರೂ ಅದರಿಂದ ಹಿಂದಕ್ಕೆ ನಡೆದು ಗುಟ್ಟನ್ನು ಮುಟ್ಟಲು ದಾರಿ ಇರಬಾರದು, ಹಾಗೆ ಅರೆಯುತ್ತಾರಂತೆ.

“ಆಂಟಿ, ನಿಮ್ದು ಫೋನ್ ಯೂಸ್ ಮಾಡ್ಲಾ? ಘರ್ ಮೇ ಒಂದೇ ರೂಮಲ್ಲಿ ಆಡಿ ಬೋರ್ ಆಯ್ತು. ನಾನು ಸೂರತ್, ಪಪ್ಪಾ ಕಂಪ್ಯೂಟರ್.”

ಅಪ್ಪನ ಮನಸ್ಸು ಸರಿಯಿಲ್ಲವೆಂದು ತಾರಾಳೇ ಆಟಕ್ಕೆ ಕೂರಿಸಿದ್ದಳಂತೆ. ಹುಡುಗಿ ನಮ್ಮ ಗೋಡೆ ಗಡಿಯಾರ ನೋಡಿದಳು. ಏಳು ಗಂಟೆ ಹದಿನೆಂಟು ನಿಮಿಷ. ಏಳುನೂರ ಹದಿನೆಂಟನ್ನು ಗುಟ್ಟಿನಿಂದ ಗುಣಿಸಿ, ಫೋನ್ ಹಚ್ಚಿ, “ಪಪ್ಪಾ, ಏಳು ಒಂಬತ್ತು ನಾಲ್ಕು” ಎಂದಳು. ಪಕ್ಕದಲ್ಲಿ ನಿಂತ ನನಗೆ ಪಟ್ಟಾಭಿಯವರ ದನಿ ಸ್ಪಷ್ಟವಾಗಿ ಕೇಳಿಸುತ್ತಿತ್ತು.

“ತಪ್ಪು. ಒಂದು ಏಳು ಐದು ಬರಬೇಕು. ಗುಣಾಕಾರ ಇನ್ನೊಂದ್ಸಲ ಮಾಡು.”

“ನಹೀ ಪಪ್ಪಾ, ಸರಿ ಇದೆ. ಏಳು ಒಂಬತ್ತು ನಾಲ್ಕೇ.”

“ಇರು, ಹಿಂದಿನ ನಿಮಿಷದ್ದು ನೋಡ್ತೀನಿ.” ಕ್ಯಾಲ್ಕುಲೇಟರಿನ ಗುಂಡಿಗಳ ಸದ್ದು. ಒಂದೊಂದೇ ನಿಮಿಷ ಹಿಂದೆ ಹೋಗುತ್ತ ಅವರು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಿದ್ದರು. ಆರು ಒಂಬತ್ತು ಎರಡು. ಎರಡು ಸೊನ್ನೆ ಒಂಬತ್ತು. ಇಲ್ಲ. ಇಲ್ಲ. ಕೊನೆಗೆ ಮಾಸ್ತರಂತೆ ಹೇಳಿದರು: “ಸಿಕ್ತು. ನೋಡು ಅಮ್ಮೂ, ನೀನು ಕೊಡ್ತಿರೋದು ಏಳು ನಿಮಿಷ ಹಳೇ ಸಂಖ್ಯೆ.”

ಆಮೇಲೆ ಫೋನಿನಲ್ಲಿ ಏನೂ ಕೇಳಿಸಲಿಲ್ಲ.

“ಪಪ್ಪಾ? ಹಲೋ? ಕಟ್ ಆಯ್ತಾ?” ಎಂದು ಹುಡುಗಿ ಕೂಗುತ್ತಿದ್ದಂತೆ ನಮ್ಮ ಬಾಗಿಲು ತೆರೆಯಿತು. ಪಟ್ಟಾಭಿ ಚಪ್ಪಲಿಯಿಲ್ಲದೆ ಬಂದಿದ್ದರು. ಯಾರನ್ನೂ ನೋಡದೆ ನೆಟ್ಟಗೆ ನಮ್ಮ ಗಡಿಯಾರದ ಕೆಳಗೆ ನಿಂತರು. ತಮ್ಮ ಕೈ ಎತ್ತಿ ಕೈಗಡಿಯಾರ ನೋಡಿದರು, ಗೋಡೆ ನೋಡಿದರು, ಮತ್ತೆ ಕೈ ನೋಡಿದರು.

“ರಾಯರೇ, ಇದು ಸರಿ ಇದೆಯಾ?”

ನನ್ನ ಗಂಡನಿಗೆ ಅವಮಾನವಾಯಿತು. “ಇದು ರೈಲ್ವೆ ಟೈಮು” ಎಂದರು.

ಪಟ್ಟಾಭಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಅವರ ಹಿಂದೆಯೇ ಬಂದಿದ್ದ ತಾರಾ ನೀರು ತಂದಳು. ಆಗ ಹೊರಬಂತು. ಹಬ್ಬದ ದಿನ ಕರೆಂಟು ಬಂದು ಕಂಪ್ಯೂಟರು ಚಾಲೂ ಮಾಡಿದಾಗ, ಅದರೊಳಗೆ ಗಡಿಯಾರ ನಡೆಸುವ ಪುಟ್ಟ ಬ್ಯಾಟರಿ ಸತ್ತುಹೋಗಿತ್ತು. ಪರದೆಯ ಮೇಲೆ ಸಾವಿರದ ಒಂಬೈನೂರ ಎಂಬತ್ತನೇ ಇಸವಿಯ ಜನವರಿ ಒಂದು ಎಂದು ಬಂತು. ಇವರು ತಾರೀಖು ಹಾಕಿ, ಕೈಗಡಿಯಾರ ನೋಡಿ ಸಮಯ ಹಾಕಿದರು. ರಜೆ ಮುಗಿದ ದಿನ ಆಪರೇಟರ್ ಮಯೂರ್ ಇವರಿಗಿಂತ ಮೊದಲೇ ಬಂದು, ಯಂತ್ರ ನಿಲ್ಲಿಸಿ, ಹೊಸ ಬ್ಯಾಟರಿ ಹಾಕಿ, ಆಕಾಶವಾಣಿಯ ಪೀಂ ಪೀಂ ಕೇಳಿ ಸಮಯವನ್ನು ಹೊಸದಾಗಿ ಹಾಕಿದ್ದ. ನಡುವಿನ ಎರಡು ದಿನ ಕಂಪ್ಯೂಟರು ಏಳು ನಿಮಿಷ ಮುಂದಿತ್ತು. ಆ ಎರಡು ದಿನಗಳಲ್ಲಿ ಅದರ ಬಾಗಿಲು ತಟ್ಟಿದವನು ಗಿರಿಧರ ಒಬ್ಬನೇ.

“ಅವನ ಸಂಖ್ಯೆ ಹೊಚ್ಚ ಹೊಸದು” ಎಂದರು ಪಟ್ಟಾಭಿ. “ಹಳಸಿದ್ದು ನನ್ನ ಲೆಕ್ಕ. ಎರಡು ಗಡಿಯಾರ ಅಂತ ಊರಿಗೆಲ್ಲ ಪಾಠ ಹೇಳಿದೆ. ಅವನ ಗಡಿಯಾರ ಮಾತ್ರ ಅನುಮಾನಿಸಿದೆ, ನನ್ನದನ್ನ ನೋಡಲೇ ಇಲ್ಲ.”

ನನ್ನ ಬಾಯಿ ಸುಮ್ಮನಿರಲಿಲ್ಲ. “ಮೂರು ಸಲವೂ ಸರಿಯಾಗಿ ಏಳೇ ನಿಮಿಷ! ಕಳ್ಳನಿಗೆ ಅಷ್ಟು ಶಿಸ್ತು ಇರತ್ತಾ ಅಂತ ಆಗಲೇ ಅನ್ನಿಸಲಿಲ್ವಾ ನಿಮಗೆ?”

“ಇಲ್ಲ ಇಂದಿರಮ್ಮ. ಅನ್ನಿಸಬೇಕಿತ್ತು” ಎಂದು ತಲೆ ತಗ್ಗಿಸಿದರು. ಆಗ ನನಗೆ ಅವರನ್ನು ನೋಡಿ ಮೊದಲ ಸಲ ಪಾಪ ಅನ್ನಿಸಿತು.

ನಮ್ಮ ಫೋನಿನಿಂದಲೇ ಸೂರತ್ತಿಗೆ ಹಚ್ಚಿದರು. ಗಿರಿಧರ ಆಗಲೇ ಅಹಮದಾಬಾದಿನ ಗಾಡಿ ಹತ್ತಿದ್ದಾನೆಂದು ಅವನ ಜೊತೆಯವನು ಹೇಳಿದ. ಜಯಂತಿಭಾಯ್ ಮನೆಯಲ್ಲಿ ಯಾರೂ ಎತ್ತಲಿಲ್ಲ. ಪಟ್ಟಾಭಿ ಕೈಗಡಿಯಾರ ಬಿಚ್ಚಿ, ನಮ್ಮ ಗೋಡೆ ನೋಡಿಕೊಂಡು, ಮುಳ್ಳನ್ನು ಹಿಂದಕ್ಕೆ ತಿರುಗಿಸಿದರು. ಆಮೇಲೆ ಬೆಳಗಿನ ಗಾಡಿಯ ಸಮಯ ಕೇಳಿದರು.

ಸೋಮವಾರ ನಡೆದದ್ದನ್ನು ಗಿರಿಧರನೂ ಹೇಳಿದ್ದಾನೆ, ಪಟ್ಟಾಭಿಯೂ ಹೇಳಿದ್ದಾರೆ. ಇಬ್ಬರ ಮಾತೂ ತಾಳೆಯಾಗುತ್ತದೆ.

ಗಿರಿಧರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಗೆ ಬೆಂಚಿನ ಮೇಲೆ ಕೂತಿದ್ದ. ರಾಜೀನಾಮೆ ಬರೆದುಕೊಟ್ಟರೆ ಪೊಲೀಸಿನ ತನಕ ಹೋಗುವುದಿಲ್ಲವೆಂದು ಯಾರೋ ಹೇಳಿಹೋಗಿದ್ದರಂತೆ. ಪಟ್ಟಾಭಿ ಅವನ ಮುಂದೆಯೇ ಹಾದು ಒಳಗೆ ಹೋದರು, ಮಾತಾಡಲು ಧೈರ್ಯ ಬರಲಿಲ್ಲವಂತೆ. ಜಯಂತಿಭಾಯ್ ಪೂರ್ತಿ ಕೇಳಿಸಿಕೊಂಡು, ಬಾಗಿಲು ಹಾಕಿಸಿ ಮೆಲ್ಲಗೆ ಹೇಳಿದರು: “ಜುಓ, ನೋಡಿ ಪಟ್ಟಾಭಿಭಾಯ್, ಕಾರ್ಡು ಖರಾಬ್ ಆಗಿತ್ತು ಅಂತ ಬರೆದುಬಿಡಿ. ಹುಡುಗನೂ ಉಳೀತಾನೆ, ನೀವೂ ಉಳೀತೀರಿ.”

ಒಳ್ಳೆಯ ಮನುಷ್ಯ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಪಟ್ಟಾಭಿ ಒಪ್ಪಲಿಲ್ಲ.

“ಕಾರ್ಡು ಸರಿ ಇತ್ತು ಸಾಹೇಬ್ರೇ. ಕಾರ್ಡು ಕೆಟ್ಟಿತ್ತು ಅಂದ್ರೆ ನಾಳೆ ಯಾರಾದ್ರೂ ಆ ದಾಖಲೆ ತೆಗೆದು, ಕೆಟ್ಟ ಕಾರ್ಡು ತಾನೇ ಹೇಗೆ ಸರಿಹೋಯ್ತು ಅಂತ ಕೇಳ್ತಾರೆ. ನಾನೇ ಕೇಳಿದೀನಲ್ಲ. ಆಗ ಮತ್ತೆ ಆ ಹುಡುಗನ ತಲೆಗೇ ಬರತ್ತೆ.”

ಅವರು ಬೆಂಚಿನ ಮೇಲಿದ್ದ ಗಿರಿಧರನನ್ನು ಒಳಗೆ ಕರೆಸಿದರು. ವಡೋದರಾಕ್ಕೆ ಫೋನ್ ಮಾಡಿ ಮಯೂರನಿಗೆ ಕಂಪ್ಯೂಟರಿನ ಗಡಿಯಾರವನ್ನು ಏಳು ನಿಮಿಷ ಮುಂದೆ ಮಾಡಲು ಹೇಳಿದರು. ಆಮೇಲೆ ಜಯಂತಿಭಾಯಿಗೆ, ನಿಮ್ಮದೇ ಕಾರ್ಡು ತೆಗೆಯಿರಿ, ನೀವೇ ನೋಡಿ ಒತ್ತಿ ಎಂದರು. ಒತ್ತಿದರು. ಒಪ್ಪಲಿಲ್ಲ. ಮಯೂರ್ ಫೋನಿನಲ್ಲಿ ದಾಖಲೆ ಓದಿದ: ಪಿನ್ ಸರಿ, ಸಂಖ್ಯೆ ಏಳು ನಿಮಿಷ ಹಳೆಯದು. ಜಯಂತಿಭಾಯ್ ತಮ್ಮ ಕೈಯಲ್ಲೇ ಇದ್ದ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದರು. ಗಡಿಯಾರವನ್ನು ಮತ್ತೆ ಸರಿಮಾಡಿಸಿ, ಕಿಟಕಿಯಲ್ಲಿ ಹೊಸ ಅಂಕಿ ಬರುವವರೆಗೆ ಕಾದು ಒತ್ತಿದಾಗ ಬಾಗಿಲು ತೆರೆಯಿತು.

“ಇಷ್ಟು ಹೊತ್ತು ನಾನೂ ಕಳ್ಳನೇ ಆಗಿದ್ದೆ” ಎಂದು ಜಯಂತಿಭಾಯ್ ನಕ್ಕರಂತೆ. ಬೇರೆ ಯಾರೂ ನಗಲಿಲ್ಲ.

ಪಟ್ಟಾಭಿ ಎದ್ದು ನಿಂತು, ಗಿರಿಧರನ ಕಡೆ ತಿರುಗಿ, ಕನ್ನಡದಲ್ಲಿ ಹೇಳಿದರು. “ತಪ್ಪು ನನ್ನದಪ್ಪ. ನಿನ್ನ ಸಂಖ್ಯೆ ಸರಿಯಾಗಿತ್ತು, ನಿನ್ನ ಮಾತೂ ಸರಿಯಾಗಿತ್ತು. ಕ್ಷಮಿಸು ಅಂತ ಕೇಳೋಕೂ ನನಗೆ ಮುಖ ಇಲ್ಲ.”

ಗಿರಿಧರ ಕೂಗಾಡಬಹುದಿತ್ತು, ಕಾಲಿಗೆ ಬೀಳಬಹುದಿತ್ತು. ಎರಡೂ ಮಾಡಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡಿತ್ತು, ಅದನ್ನು ಒರೆಸಿಕೊಂಡು ಇಷ್ಟೇ ಹೇಳಿದ.

“ಸರ್, ಸಂಖ್ಯೆ ಒತ್ತಿದ್ದು ಯಾರು ಅಂತ ಕೇಳಿದ್ರಿ. ಒಂದ್ಸಲ, ನಿನ್ನ ಹತ್ರ ಈಗ ಟೈಮೆಷ್ಟಪಾ ಅಂತ ಕೇಳಿದ್ರೆ ಸಾಕಿತ್ತಲ್ರೀ.”

ವಡೋದರಾಕ್ಕೆ ಬಂದ ಮೇಲೆ ಪಟ್ಟಾಭಿ ನಮಗೆ ಇಷ್ಟನ್ನೂ ಹೇಳಿ, ಕೊನೆಯ ಆ ವಾಕ್ಯವನ್ನು ಎರಡು ಸಲ ಹೇಳಿದರು.

ಗಿರಿಧರನ ಕೆಲಸ ಕಾಯಂ ಆಯಿತು. ಪಟ್ಟಾಭಿಯವರಿಗೆ ಎಚ್ಚರಿಕೆಯ ಮೆಮೊ ಬಂತು, ಆ ವರ್ಷ ಬರಬೇಕಾಗಿದ್ದ ಬಡ್ತಿ ಬರಲಿಲ್ಲ. ಅದಕ್ಕೆ ಅವರು ತಕರಾರು ತೆಗೆಯಲಿಲ್ಲ. ಮನೆಯ ಗಡಿಯಾರಗಳನ್ನೆಲ್ಲ ಸರಿಮಾಡಿದರು. ತಾರಾ ಮಾತ್ರ ಅಭ್ಯಾಸ ಬಲದಿಂದ ಮನಸ್ಸಿನಲ್ಲಿ ಕಳೆದುಕೊಂಡು, ಇವರು ಕಂಪನಿಯ ಬಸ್ಸನ್ನು ಒಂದೇ ವಾರದಲ್ಲಿ ಎರಡು ಸಲ ತಪ್ಪಿಸಿಕೊಳ್ಳುವ ಹಾಗೆ ಮಾಡಿದಳು. ನಾನು ನಕ್ಕೆ. ಅವರೂ ನಕ್ಕರು.

ಹುಡುಗ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದ. ಎದುರು ಮನೆಗೆ ಹೋಗುತ್ತಿರಲಿಲ್ಲ. ಒತ್ತಾಯ ಮಾಡಲು ನನಗೂ ಮನಸ್ಸಾಗಲಿಲ್ಲ. ತಾಯಿಯನ್ನೂ ತಂಗಿಯನ್ನೂ ಸೂರತ್ತಿಗೆ ಕರೆಸಿಕೊಂಡ ಮೇಲೆ ಅವನು ಬರುವುದೂ ಅಪರೂಪವಾಯಿತು.

ಪಟ್ಟಾಭಿಯವರಿಗೆ ಅಂಟಿಕೊಂಡ ಹೊಸ ಚಾಳಿಯೊಂದು ಮಾತ್ರ ಬಿಡಲಿಲ್ಲ. ಯಾರಿಗೆ ಫೋನ್ ಮಾಡಲಿ, ವಟ್ವಾದ ಇಂಜಿನಿಯರಿಗೇ ಆಗಲಿ ತಿಪಟೂರಿನ ಅಕ್ಕನಿಗೇ ಆಗಲಿ, ಮೊದಲು ಕ್ಷೇಮ ಕೇಳುತ್ತಿರಲಿಲ್ಲ. “ನಿಮ್ಮಲ್ಲಿ ಈಗ ಗಂಟೆ ಎಷ್ಟು?” ಎಂದು ಕೇಳುತ್ತಿದ್ದರು. ಒಂದೇ ದೇಶದಲ್ಲಿ ಒಂದೇ ಸಮಯ ಎಂದು ತಿಳಿದವರು ಅವರನ್ನು ಹುಚ್ಚನೆಂದುಕೊಂಡರು. ಅವರ ಅಕ್ಕ ಬೈದೇಬಿಟ್ಟರಂತೆ.

ಮುಂದಿನ ವರ್ಷ ಉತ್ತರಾಯಣದ ಮಧ್ಯಾಹ್ನ ನಾವೆಲ್ಲ ಮಾಳಿಗೆಯ ಮೇಲಿದ್ದಾಗ ಕೆಳಗೆ ಅವರ ಮನೆಯ ಫೋನ್ ಬಡಿಯಿತು. ಅಮೂಲ್ಯಾ ಇಳಿದುಹೋಗಿ ಎತ್ತಿ, ಮೆಟ್ಟಿಲ ಬುಡದಿಂದ ಕೂಗಿದಳು. “ಪಪ್ಪಾ, ಸೂರತ್‌ನಿಂದ ಗಿರಿಧರ ಅಂಕಲ್! ನಿಮ್ಮ ವಾಚಲ್ಲಿ ಟೈಮ್ ಎಷ್ಟು ಅಂತ ಕೇಳ್ತಿದಾರೆ!”

ಪಟ್ಟಾಭಿ ಕೈಯಲ್ಲಿದ್ದ ದಾರದ ಉಂಡೆಯನ್ನು ನನ್ನ ಗಂಡನ ಕೈಗೆ ತುರುಕಿ, ಎರಡೆರಡು ಮೆಟ್ಟಿಲು ಹಾರಿ ಕೆಳಗೆ ಓಡಿದರು.